ಬ್ಯಾಂಕಿನ ಲೆಕ್ಕದಲ್ಲಿ ತಪ್ಪಾಗಿ ಬರೆದಿರುವ ಹೆಸರನ್ನು ತಿದ್ದಿಸುವ ಕ್ರಮ

ವ್ಯವಸಾಯಗಾರನ ಹೆಸರು ಈಗಿನ ಕಾಲದಲ್ಲಿ ಕನಿಷ್ಠಪಕ್ಷ ಮೂರು ದಾಖಲೆಗಳಲ್ಲಿ ಬರೆಯಲ್ಪಟ್ಟಿರುತ್ತದೆ. ಜಮೀನಿನ ಪಹಣಿಯಲ್ಲಿ ಅದು ಕನ್ನಡದಲ್ಲಿರುತ್ತದೆ. ಆಧಾರ್ ಚೀಟಿಯಲ್ಲಿ ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲಿಯೂ ಇರುತ್ತದೆ. ಬ್ಯಾಂಕಿನ ಗಣಕಯಂತ್ರದಲ್ಲಾದರೋ ಸಾಮಾನ್ಯವಾಗಿ ಇಂಗ್ಲಿಷ್ ಅಕ್ಷರಗಳಲ್ಲಿ ಮಾತ್ರ ಇರುತ್ತದೆ. ಈ ಮೂರೂ ಒಂದೇ ಮನುಷ್ಯನವೆಂಬುದು ಊರಿನವರಿಗೆ ತಿಳಿದ ಸಂಗತಿಯಾದರೂ, ಅಕ್ಷರಕ್ಕೆ ಅಕ್ಷರವನ್ನು ಹೋಲಿಸಿ ನೋಡುವ ಯಂತ್ರಕ್ಕೆ ಅದು ತಿಳಿಯದು. ಆದುದರಿಂದ ಬ್ಯಾಂಕಿನ ಲೆಕ್ಕದಲ್ಲಿ ಹೆಸರು ತಪ್ಪಾಗಿದ್ದರೆ ಅದನ್ನು ತಿದ್ದಿಕೊಡಬೇಕೆಂದು ಶಾಖೆಯ ವ್ಯವಸ್ಥಾಪಕರಿಗೆ ಹೇಗೆ ಬರೆದುಕೊಳ್ಳಬೇಕೆಂಬುದನ್ನು, ಹರಪನಹಳ್ಳಿ ತಾಲ್ಲೂಕಿನ ಅರಸೀಕೆರೆ ಹೋಬಳಿಯ ರೈತನೊಬ್ಬನ ಸ್ಥಿತಿಯನ್ನು ಉದಾಹರಣೆಯಾಗಿ ಊಹಿಸಿಕೊಂಡು, ಇಲ್ಲಿ ವಿವರಿಸಲಾಗಿದೆ. ಊರಿನವರು ಇಂತಹ ಕಾಗದಗಳನ್ನು ಬರೆಯಿಸಿಕೊಳ್ಳಲು ಗ್ರಾಮದ ಹಿರಿಯರ ಬಳಿಗೇ ಬರುವುದರಿಂದ, ಅವರಿಗೆ ಈ ಕ್ರಮವು ಚೆನ್ನಾಗಿ ತಿಳಿದಿರತಕ್ಕದ್ದು.

ತಪ್ಪು ಹುಟ್ಟುವ ಬಗೆ

ಈ ಸೀಮೆಯ ಹೆಸರುಗಳು ಬಹುಮಟ್ಟಿಗೆ ಇಲ್ಲಿಯ ದೇವರುಗಳಿಂದ ಬಂದವು. ಕೊಟ್ಟೂರಿನ ಸ್ವಾಮಿಯಿಂದ ಕೊಟ್ರೇಶ, ಕೊಟ್ರಪ್ಪ, ಕೊಟ್ರಮ್ಮ ಎಂಬ ಹೆಸರುಗಳೂ, ಉಚ್ಚಂಗಿದುರ್ಗದ ದೇವಿಯಿಂದ ಉಚ್ಚಂಗೆಪ್ಪ, ಉಚ್ಚಂಗೆಮ್ಮ ಎಂಬ ಹೆಸರುಗಳೂ ಮನೆಮನೆಯಲ್ಲಿ ಕೇಳಿಬರುತ್ತವೆ. ಉಚ್ಚಂಗೆಪ್ಪನನ್ನು ಮಾತಿನಲ್ಲಿ ಹುಚ್ಚಂಗೆಪ್ಪನೆಂದೂ ಹುಚ್ಚೆಂಗಪ್ಪನೆಂದೂ ಕರೆಯುವುದುಂಟು. ಖಾತೆಯನ್ನು ತೆರೆದ ದಿನ ಗುಮಾಸ್ತನು ಕಿವಿಗೆ ಬಿದ್ದಂತೆ ಇಂಗ್ಲಿಷಿನಲ್ಲಿ ಬರೆದುಕೊಂಡಿದ್ದರೆ, ಒಂದು ಕಡೆ UCHANGEPPA ಎಂದೂ ಇನ್ನೊಂದು ಕಡೆ HUCHANGAPPA ಎಂದೂ ಆಗಿರುವುದು ಆಶ್ಚರ್ಯವಲ್ಲ.

ಎರಡನೆಯ ಕಾರಣವು ಲಿಪಿಯದು. ಇಂಗ್ಲಿಷಿನಲ್ಲಿ ಹ್ರಸ್ವ ದೀರ್ಘಗಳ ಭೇದವನ್ನಾಗಲಿ, ಲಕಾರ ಳಕಾರಗಳ ಭೇದವನ್ನಾಗಲಿ ತೋರಿಸುವ ಏರ್ಪಾಡು ಸಾಮಾನ್ಯ ಬರವಣಿಗೆಯಲ್ಲಿ ಇಲ್ಲ. HALAPPA ಎಂದು ಬರೆದುದನ್ನು ಹಾಲಪ್ಪನೆಂದೂ ಹಳಪ್ಪನೆಂದೂ ಓದಬಹುದು. ಹೀಗಿರುವಲ್ಲಿ ಒಂದೇ ಕನ್ನಡ ಹೆಸರಿಗೆ ನಾಲ್ಕಾರು ಇಂಗ್ಲಿಷ್ ರೂಪಗಳು ಹುಟ್ಟುತ್ತವೆ. ಯಾವುದೂ ಶುದ್ಧವೂ ಅಲ್ಲ, ಅಶುದ್ಧವೂ ಅಲ್ಲ. ಮೂರನೆಯದು ತಂದೆಯ ಹೆಸರಿನ ಮೊದಲಕ್ಷರ. ಒಬ್ಬ ಬರಹಗಾರನು ಅದನ್ನು ಹೆಸರಿನ ಮುಂದೆ ಇಡುತ್ತಾನೆ, ಒಬ್ಬನು ಹಿಂದೆ ಇಡುತ್ತಾನೆ, ಮತ್ತೊಬ್ಬನು ತಂದೆಯ ಹೆಸರನ್ನು ಪೂರ್ತಿಯಾಗಿ ಬರೆಯುತ್ತಾನೆ.

ಇಷ್ಟಾದರೂ ಅನೇಕರು ವರ್ಷಗಟ್ಟಲೆ ಈ ತಪ್ಪನ್ನು ಗಮನಿಸುವುದೇ ಇಲ್ಲ. ಏಕೆಂದರೆ ಒಂದು ಖಾತೆಯಿಂದ ಮತ್ತೊಂದಕ್ಕೆ ಕಳುಹಿಸಿದ ಹಣವು ಖಾತೆಯ ಸಂಖ್ಯೆಯನ್ನು ನೋಡಿಕೊಂಡು ಜಮೆಯಾಗುತ್ತದೆ, ಹೆಸರನ್ನು ನೋಡಿಕೊಂಡಲ್ಲ. ಮಂಡಿಯವನು ಕಳುಹಿಸಿದ ಮೆಕ್ಕೆಜೋಳದ ಹಣವು ಬಂದು ಸೇರುತ್ತಿರುವವರೆಗೆ ಲೆಕ್ಕವೆಲ್ಲವೂ ಸರಿಯಾಗಿದೆಯೆಂದೇ ರೈತನು ಭಾವಿಸುತ್ತಾನೆ. ತೊಡಕು ಕಾಣಿಸಿಕೊಳ್ಳುವುದು ಹೆಸರನ್ನು ಹೋಲಿಸಿ ನೋಡುವ ಪ್ರಸಂಗ ಬಂದಾಗ: ಖಾತೆಗೆ ಆಧಾರ್ ಸಂಖ್ಯೆಯನ್ನು ಜೋಡಿಸುವಾಗ, ಬೆಳೆವಿಮೆಗೆ ಹೆಸರು ಬರೆಯಿಸುವಾಗ, ಹೊಸದಾಗಿ ಬೆಳೆಸಾಲವನ್ನು ತೆಗೆಯುವಾಗ. ಪ್ರಧಾನಮಂತ್ರಿ ಕಿಸಾನ್ ಯೋಜನೆಯು 2019ರಲ್ಲಿ ಆರಂಭವಾದಂದಿನಿಂದ ವರ್ಷಕ್ಕೆ 6,000 ರೂಪಾಯಿಗಳು 2,000 ರೂಪಾಯಿಗಳ ಮೂರು ಕಂತುಗಳಲ್ಲಿ ಸಲ್ಲುವ ಏರ್ಪಾಡಿರುವುದಷ್ಟೆ. ಆಧಾರ್ ಜೋಡಣೆಯಾಗದ ಖಾತೆಯುಳ್ಳವನಿಗೆ ಆ ಕಂತು ನಿಂತುಹೋದ ಮೇಲೆಯೇ ಹೆಸರಿನ ತಪ್ಪು ಗೊತ್ತಾಗುವುದುಂಟು.

ಮೊದಲು ಯಾವ ದಾಖಲೆಯನ್ನು ತಿದ್ದಬೇಕೆಂಬುದನ್ನು ನಿಶ್ಚಯಿಸತಕ್ಕದ್ದು

ಕಾಗದವನ್ನು ಬರೆಯುವುದಕ್ಕೆ ಮೊದಲು, ಖಾತೆದಾರನ ಪಹಣಿ, ಆಧಾರ್, ಮತದಾರರ ಗುರುತಿನ ಚೀಟಿ, ಉಳಿತಾಯ ಖಾತೆಯ ಪಾಸುಪುಸ್ತಕ ಮತ್ತು ಸಾಲದ ಪಾಸುಪುಸ್ತಕ ಇವುಗಳನ್ನು ಒಟ್ಟಿಗೆ ಮುಂದಿಟ್ಟುಕೊಂಡು, ಪ್ರತಿಯೊಂದರಲ್ಲಿಯೂ ಇರುವ ಹೆಸರನ್ನು ಇದ್ದುದು ಇದ್ದಂತೆಯೇ ಒಂದು ಹಾಳೆಯ ಮೇಲೆ ಇಳಿಸಿಕೊಳ್ಳಬೇಕು. ನಮ್ಮ ಉದಾಹರಣೆಯ ರೈತನ ಹಾಳೆಯು ಹೀಗಿದೆಯೆಂದು ಭಾವಿಸೋಣ.

ಪಹಣಿಯಲ್ಲಿ: ಉಚ್ಚಂಗೆಪ್ಪ ಬಿನ್ ಹಾಲಪ್ಪ
ಆಧಾರ್ ಚೀಟಿಯಲ್ಲಿ: ಉಚ್ಚಂಗೆಪ್ಪ ಹೆಚ್, UCHANGEPPA H
ಮತದಾರರ ಚೀಟಿಯಲ್ಲಿ: ಉಚ್ಚಂಗೆಪ್ಪ, UCHANGEPPA
ಉಳಿತಾಯ ಖಾತೆಯಲ್ಲಿ: HUCHANGAPPA H
ಬೆಳೆಸಾಲದ ಖಾತೆಯಲ್ಲಿ: H UCHANGEPPA

ಈ ಐದು ಸಾಲುಗಳನ್ನು ನೋಡಿದೊಡನೆ ವಿಷಯವು ಸ್ಪಷ್ಟವಾಗುತ್ತದೆ. ಪಹಣಿ, ಆಧಾರ್ ಮತ್ತು ಮತದಾರರ ಚೀಟಿ ಈ ಮೂರೂ ಒಂದನ್ನೊಂದು ಒಪ್ಪುತ್ತವೆ. ತಪ್ಪಿರುವುದು ಉಳಿತಾಯ ಖಾತೆಯಲ್ಲಿ. ಬೆಳೆಸಾಲದ ಖಾತೆಯಲ್ಲಿ ಅಕ್ಷರಗಳು ಸರಿಯಾಗಿದ್ದು ಮೊದಲಕ್ಷರದ ಸ್ಥಾನ ಮಾತ್ರ ಬೇರೆಯಾಗಿದೆ. ಆದುದರಿಂದ ತಿದ್ದಬೇಕಾದುದು ಬ್ಯಾಂಕಿನ ಲೆಕ್ಕವನ್ನೇ ಹೊರತು ಬೇರೊಂದನ್ನಲ್ಲ.

ಈ ವಿಚಾರವನ್ನು ಮಾಡದೆ, ಪಾಸುಪುಸ್ತಕದಲ್ಲಿರುವಂತೆ ಆಧಾರನ್ನು ತಿದ್ದಿಸಲು ಓಡುವವರಿದ್ದಾರೆ. ಇದು ದೊಡ್ಡ ಅವಿವೇಕ. ಆಧಾರಿನಲ್ಲಿ ಹೆಸರನ್ನು ಬದಲಾಯಿಸಲು ಸಾಮಾನ್ಯವಾಗಿ ಆಯುಷ್ಯದಲ್ಲಿ ಎರಡು ಸಲ ಮಾತ್ರ ಅವಕಾಶವುಂಟು. ಅಲ್ಲದೆ ರೈತರ ನೋಂದಣಿಯ ಫ್ರೂಟ್ಸ್ ದಾಖಲೆಯೂ ಇತರ ಯೋಜನೆಗಳೂ ಆಧಾರಿನ ಹೆಸರನ್ನೇ ಅವಲಂಬಿಸಿರುವುದರಿಂದ, ಒಂದು ತಪ್ಪನ್ನು ಸರಿಪಡಿಸಹೋಗಿ ಸರಿಯಾಗಿದ್ದ ನಾಲ್ಕನ್ನು ಕೆಡಿಸಿದಂತಾಗುವುದು. ಆಧಾರೇ ನಿಜವಾಗಿ ತಪ್ಪಾಗಿದ್ದಲ್ಲಿ ಅದನ್ನು ಮೊದಲು ತಿದ್ದಿಸಿ, ಆಮೇಲೆ ಬ್ಯಾಂಕಿಗೆ ಬರೆಯಬೇಕು. ಪಹಣಿಯ ತಪ್ಪನ್ನಂತೂ ಬ್ಯಾಂಕಿನವರು ತಿದ್ದಲಾರರು. ಅದಕ್ಕೆ ತಹಶೀಲ್ದಾರರ ಕಚೇರಿಯಲ್ಲಿ ಬೇರೆ ಅರ್ಜಿಯನ್ನು ಕೊಡತಕ್ಕದ್ದು.

ಇನ್ನೊಂದು ಭೇದವನ್ನೂ ತಿಳಿದಿರಬೇಕು. ಅಕ್ಷರದ ತಪ್ಪು ಬೇರೆ, ಹೆಸರಿನ ಬದಲಾವಣೆ ಬೇರೆ. HUCHANGAPPA ಎಂಬುದನ್ನು UCHANGEPPA ಎಂದು ಮಾಡುವುದು ಅಕ್ಷರದ ತಿದ್ದುಪಡಿ. ಮದುವೆಯ ನಂತರ ಹೆಣ್ಣುಮಗಳು ತಂದೆಯ ಹೆಸರಿಗೆ ಬದಲಾಗಿ ಗಂಡನ ಹೆಸರನ್ನು ಸೇರಿಸಿಕೊಳ್ಳುವುದು, ಅಥವಾ ಒಬ್ಬನು ತನ್ನ ಹೆಸರನ್ನೇ ಬೇರೆ ಮಾಡಿಕೊಳ್ಳುವುದು, ಹೆಸರಿನ ಬದಲಾವಣೆ. ಮೊದಲನೆಯದಕ್ಕೆ ಸರಿಯಾದ ಹೆಸರುಳ್ಳ ಗುರುತಿನ ದಾಖಲೆಯೊಂದು ಸಾಕಾಗುತ್ತದೆ. ಎರಡನೆಯದರಲ್ಲಿ ಗುರುತಿನ ದಾಖಲೆಯು ಇನ್ನೂ ಹಳೆಯ ಹೆಸರಿನಲ್ಲಿಯೇ ಇದ್ದರೆ, ಅದರೊಂದಿಗೆ ಸರ್ಕಾರದ ವಿವಾಹ ನೋಂದಣಿ ಪತ್ರವನ್ನಾಗಲಿ ರಾಜ್ಯಪತ್ರದ ಪ್ರಕಟಣೆಯನ್ನಾಗಲಿ ಒದಗಿಸಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮವಿದೆ. ಅಕ್ಷರದ ತಪ್ಪಿಗೆ ಸಂಬಂಧಿಸಿದ ಕಾಗದದಲ್ಲಿ ‘ನನ್ನ ಹೆಸರನ್ನು ಬದಲಾಯಿಸಬೇಕು’ ಎಂದು ಬರೆದರೆ, ಓದಿದವರು ಅದನ್ನು ಎರಡನೆಯ ವರ್ಗಕ್ಕೆ ಸೇರಿಸಿ, ಬೇಡವಾದ ಪತ್ರಗಳನ್ನೆಲ್ಲಾ ಕೇಳಬಹುದು. ಆದುದರಿಂದ ‘ತಿದ್ದುಪಡಿ’ ಎಂಬ ಮಾತನ್ನೇ ಬಳಸತಕ್ಕದ್ದು.

ವಿಳಾಸದಲ್ಲಿ ವಹಿಸಬೇಕಾದ ಎಚ್ಚರಿಕೆ

ಅರಸೀಕೆರೆ ಎಂಬ ಹೆಸರಿನ ಊರು ಹಾಸನ ಜಿಲ್ಲೆಯಲ್ಲಿಯೂ ಇದೆ. ಅದು ತಾಲ್ಲೂಕಿನ ಮುಖ್ಯ ಸ್ಥಳವೂ ರೈಲು ಜಂಕ್ಷನ್ನೂ ಆಗಿರುವುದರಿಂದ ಹೆಚ್ಚು ಪ್ರಸಿದ್ಧವಾಗಿದೆ. ಬರಿಯ ‘ಅರಸೀಕೆರೆ ಶಾಖೆ’ ಎಂದು ಬರೆದು ಅಂಚೆಗೆ ಹಾಕಿದ ಕಾಗದವು ಅಲ್ಲಿಗೆ ಹೋಗಿಬಿಡಬಹುದು. ಆದುದರಿಂದ ತಾಲ್ಲೂಕು, ಜಿಲ್ಲೆ, ಪಿನ್ ಸಂಖ್ಯೆ ಮತ್ತು ಪಾಸುಪುಸ್ತಕದ ಮೇಲಿರುವ ಶಾಖೆಯ ಐ.ಎಫ್.ಎಸ್.ಸಿ. ಸಂಕೇತ ಇವೆಲ್ಲವನ್ನೂ ಬರೆಯಬೇಕು.

ಜಿಲ್ಲೆಯ ಹೆಸರಿನಲ್ಲಿಯೂ ಗೊಂದಲಕ್ಕೆ ಆಸ್ಪದವಿದೆ. ಹರಪನಹಳ್ಳಿ ತಾಲ್ಲೂಕು ಮೊದಲು ಬಳ್ಳಾರಿ ಜಿಲ್ಲೆಯಲ್ಲಿದ್ದು, 1997ರಲ್ಲಿ ಹೊಸದಾದ ದಾವಣಗೆರೆ ಜಿಲ್ಲೆಗೆ ಸೇರಿ, 2018ರಲ್ಲಿ ಬಳ್ಳಾರಿಗೆ ಹಿಂದಿರುಗಿ, 2021ರಲ್ಲಿ ವಿಜಯನಗರ ಜಿಲ್ಲೆಯ ಭಾಗವಾಯಿತು. ಹಳೆಯ ಖಾತೆಯ ವಿಳಾಸದಲ್ಲಿ ದಾವಣಗೆರೆ ಜಿಲ್ಲೆಯೆಂದೂ, ಈಚಿನ ಗುರುತಿನ ಚೀಟಿಯಲ್ಲಿ ವಿಜಯನಗರ ಜಿಲ್ಲೆಯೆಂದೂ ಇದ್ದರೆ ಮನುಷ್ಯನು ಊರನ್ನು ಬಿಟ್ಟುಹೋದನೆಂದು ಅರ್ಥವಲ್ಲ. ಹೆಸರೂ ಬೇರೆ, ಜಿಲ್ಲೆಯೂ ಬೇರೆಯಾಗಿ ಕಂಡಾಗ ಪರಿಶೀಲಿಸುವವರಿಗೆ ಸಂಶಯ ಹುಟ್ಟುವುದು ಸಹಜವಾದುದರಿಂದ, ಈ ಸಂಗತಿಯನ್ನು ಕಾಗದದಲ್ಲಿ ಒಂದು ವಾಕ್ಯದಿಂದ ತಿಳಿಸಿಬಿಡುವುದು ಒಳ್ಳೆಯದು.

ಬ್ಯಾಂಕಿನ ಹೆಸರೂ ಹಾಗೆಯೇ. 1976ರಲ್ಲಿ ಬಳ್ಳಾರಿಯಲ್ಲಿ ಆರಂಭವಾದ ತುಂಗಭದ್ರಾ ಗ್ರಾಮೀಣ ಬ್ಯಾಂಕು 2005ರಲ್ಲಿ ಇತರ ಬ್ಯಾಂಕುಗಳೊಂದಿಗೆ ಕೂಡಿ ಪ್ರಗತಿ ಗ್ರಾಮೀಣ ಬ್ಯಾಂಕೆಂದೂ, 2013ರಲ್ಲಿ ಪ್ರಗತಿ ಕೃಷ್ಣಾ ಗ್ರಾಮೀಣ ಬ್ಯಾಂಕೆಂದೂ ಆಯಿತು. 2019ರಲ್ಲಿ ಮತ್ತು 2025ರಲ್ಲಿ ಇನ್ನೆರಡು ವಿಲೀನಗಳು ನಡೆದು ಅದೇ ಈಗಿನ ಕರ್ನಾಟಕ ಗ್ರಾಮೀಣ ಬ್ಯಾಂಕಿನಲ್ಲಿ ಸೇರಿದೆ. ಯಾವ ಬ್ಯಾಂಕಿನಲ್ಲಿ ಖಾತೆಯಿದ್ದರೂ, ಕಾಗದದ ಮೇಲೆ ಈಗಿನ ಹೆಸರನ್ನೇ ಬರೆಯಬೇಕು. ಮನೆಯಲ್ಲಿರುವ ಪುಸ್ತಕವು ಹಳೆಯ ಹೆಸರಿನದಾಗಿದ್ದರೆ, ಖಾತೆಯ ಸಂಖ್ಯೆಯು ಈಗಲೂ ಅದೇ ಆಗಿದೆಯೇ ಎಂದು ಶಾಖೆಯಲ್ಲಿ ಕೇಳಿ ತಿಳಿದುಕೊಂಡು ಬರೆಯತಕ್ಕದ್ದು.

ಕಾಗದದ ಮಾದರಿ

ಕಾಗದವನ್ನು ಕನ್ನಡದಲ್ಲಿಯೇ ಬರೆಯಬಹುದು. ಆದರೆ ತಪ್ಪಾದ ರೂಪ ಮತ್ತು ಸರಿಯಾದ ರೂಪ ಇವೆರಡನ್ನು ಮಾತ್ರ ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ, ಒಂದರ ಕೆಳಗೊಂದು ಬರುವಂತೆ, ಬಿಡಿಬಿಡಿಯಾಗಿ ಬರೆಯಬೇಕು. ಕೆಳಗಿನ ಮಾದರಿಯಲ್ಲಿರುವ ಹೆಸರುಗಳು ಊಹಿಸಿಕೊಂಡವು; ಚುಕ್ಕೆಯಿಟ್ಟ ಕಡೆಗಳಲ್ಲಿ ತಮ್ಮ ತಮ್ಮ ವಿವರಗಳನ್ನು ತುಂಬಿಕೊಳ್ಳಬೇಕು.

ದಿನಾಂಕ: ………
ಸ್ಥಳ: ಅರಸೀಕೆರೆ

ಶಾಖಾ ವ್ಯವಸ್ಥಾಪಕರವರಿಗೆ,
……… ಬ್ಯಾಂಕು, ಅರಸೀಕೆರೆ ಶಾಖೆ,
ಹರಪನಹಳ್ಳಿ ತಾಲ್ಲೂಕು, ವಿಜಯನಗರ ಜಿಲ್ಲೆ. ಪಿನ್: ………

ಮಾನ್ಯರೇ,

ವಿಷಯ: ಖಾತೆಯ ದಾಖಲೆಯಲ್ಲಿ ಹೆಸರಿನ ಅಕ್ಷರಗಳ ತಿದ್ದುಪಡಿ.

ಅರಸೀಕೆರೆ ಹೋಬಳಿಯ ……… ಗ್ರಾಮದಲ್ಲಿ ವಾಸಿಸುವ, ಹಾಲಪ್ಪನವರ ಮಗನಾದ ಉಚ್ಚಂಗೆಪ್ಪನೆಂಬ ನಾನು ತಮ್ಮ ಶಾಖೆಯಲ್ಲಿ ಈ ಕೆಳಗಿನ ಎರಡು ಖಾತೆಗಳನ್ನು ಹೊಂದಿದ್ದೇನೆ.

1. ಉಳಿತಾಯ ಖಾತೆಯ ಸಂಖ್ಯೆ ………, ಗ್ರಾಹಕ ಸಂಖ್ಯೆ ………
2. ಬೆಳೆಸಾಲದ ಖಾತೆಯ ಸಂಖ್ಯೆ ………, ಗ್ರಾಹಕ ಸಂಖ್ಯೆ ………

ಇವುಗಳ ಪೈಕಿ 1ನೆಯ ಖಾತೆಯಲ್ಲಿ ನನ್ನ ಹೆಸರಿನ ಅಕ್ಷರಗಳು ತಪ್ಪಾಗಿ ದಾಖಲಾಗಿವೆ.

ಈಗ ಇರುವುದು: HUCHANGAPPA H
ಇರಬೇಕಾದುದು: UCHANGEPPA H

2ನೆಯ ಖಾತೆಯಲ್ಲಿ H UCHANGEPPA ಎಂದಿರುವುದನ್ನೂ ಮೇಲಿನ ಸರಿಯಾದ ರೂಪದಂತೆಯೇ ಮಾಡಬೇಕಾಗಿದೆ. ನನ್ನ ಹೆಸರಿನಲ್ಲಿ ಯಾವ ಬದಲಾವಣೆಯೂ ಆಗಿರುವುದಿಲ್ಲ. ಖಾತೆ ತೆರೆದಾಗ ಬರವಣಿಗೆಯಲ್ಲಿ ಉಂಟಾದ ವ್ಯತ್ಯಾಸವನ್ನು ಮಾತ್ರ ಸರಿಪಡಿಸಬೇಕೆಂದು ಕೋರುತ್ತೇನೆ. ಖಾತೆಯ ವಿಳಾಸದಲ್ಲಿರುವ ದಾವಣಗೆರೆ ಜಿಲ್ಲೆಯು ತಾಲ್ಲೂಕಿನ ಜಿಲ್ಲೆ ಬದಲಾಗುವುದಕ್ಕೆ ಮೊದಲಿನದು. ನನ್ನ ವಾಸಸ್ಥಳವು ಬದಲಾಗಿಲ್ಲ.

ಸರಿಯಾದ ರೂಪಕ್ಕೆ ಆಧಾರವಾಗಿ ಆಧಾರ್ ಚೀಟಿಯ, ಸಂಖ್ಯೆಯ ಕೊನೆಯ ನಾಲ್ಕು ಅಂಕಿಗಳು ………, ಮತ್ತು ಮತದಾರರ ಗುರುತಿನ ಚೀಟಿಯ ನಕಲುಗಳನ್ನು ನನ್ನ ರುಜುವಿನೊಂದಿಗೆ ಲಗತ್ತಿಸಿದ್ದೇನೆ. ಮೂಲಗಳನ್ನು ಪರಿಶೀಲನೆಗಾಗಿ ತಂದಿದ್ದೇನೆ.

ಎರಡು ಗ್ರಾಹಕ ಸಂಖ್ಯೆಗಳು ನನ್ನ ಹೆಸರಿನಲ್ಲಿದ್ದರೆ ಅವನ್ನು ಒಂದುಗೂಡಿಸಿ, ತಿದ್ದುಪಡಿಯಾದ ಮೇಲೆ ಆಧಾರ್ ಜೋಡಣೆಯನ್ನು ಮಾಡಿ, ಹೊಸ ಹೆಸರಿನೊಂದಿಗೆ ಪಾಸುಪುಸ್ತಕವನ್ನು ಮುದ್ರಿಸಿಕೊಡಬೇಕೆಂದೂ, ಈ ಕಾಗದವು ತಲಪಿದುದಕ್ಕೆ ದಿನಾಂಕ ಸಹಿತವಾದ ಸ್ವೀಕೃತಿಯನ್ನು ಕೊಡಬೇಕೆಂದೂ ಪ್ರಾರ್ಥಿಸುತ್ತೇನೆ.

ಇಂತು ತಮ್ಮ ವಿಶ್ವಾಸಿ,
(ಬ್ಯಾಂಕಿನಲ್ಲಿರುವ ಮಾದರಿಯಂತೆ ರುಜು)
ಉಚ್ಚಂಗೆಪ್ಪ ಹೆಚ್
ದೂರವಾಣಿ: ………

ಮಾದರಿಯ ವಿವರಣೆ

ಈ ಕಾಗದದಲ್ಲಿ ಗಮನಿಸಬೇಕಾದ ಅಂಶಗಳು ನಾಲ್ಕು. ಮೊದಲನೆಯದು ಎರಡು ರೂಪಗಳನ್ನು ಎದುರುಬದುರಾಗಿ ತೋರಿಸಿರುವುದು. ‘ನನ್ನ ಹೆಸರು ತಪ್ಪಾಗಿದೆ, ದಯಮಾಡಿ ಸರಿಮಾಡಿಕೊಡಿ’ ಎಂದಷ್ಟೇ ಬರೆದ ಕಾಗದದಿಂದ ಗಣಕಯಂತ್ರದ ಮುಂದೆ ಕುಳಿತವನಿಗೆ ಏನನ್ನು ಒತ್ತಬೇಕೆಂಬುದು ತಿಳಿಯುವುದಿಲ್ಲ. ಅವನು ಮತ್ತೆ ಊಹೆಯಿಂದಲೇ ಬರೆದರೆ ಹಳೆಯ ತಪ್ಪು ಹೋಗಿ ಹೊಸ ತಪ್ಪು ಸೇರುವುದು. ಅಕ್ಷರಗಳ ನಡುವಣ ತೆರಪು, ಮೊದಲಕ್ಷರವು ಹಿಂದೆ ಬರಬೇಕೋ ಮುಂದೆ ಬರಬೇಕೋ ಎಂಬುದು, ಚುಕ್ಕೆ ಬೇಕೋ ಬೇಡವೋ ಎಂಬುದು, ಇವೆಲ್ಲವೂ ಆಧಾರಿನಲ್ಲಿರುವಂತೆಯೇ ಇರಬೇಕು.

ಎರಡನೆಯದು ಗ್ರಾಹಕ ಸಂಖ್ಯೆ. ಬ್ಯಾಂಕಿನಲ್ಲಿ ಪ್ರತಿ ಖಾತೆಗೆ ಒಂದು ಸಂಖ್ಯೆಯಿರುವಂತೆ ಪ್ರತಿ ಮನುಷ್ಯನಿಗೂ ಒಂದು ಸಂಖ್ಯೆಯಿರುತ್ತದೆ. ಒಬ್ಬನ ಖಾತೆಗಳೆಲ್ಲವೂ ಆ ಒಂದೇ ಗ್ರಾಹಕ ಸಂಖ್ಯೆಯ ಅಡಿಯಲ್ಲಿರುವುದು ಸರಿಯಾದ ಕ್ರಮ. ಆದರೆ ಉಳಿತಾಯ ಖಾತೆಯನ್ನು ಒಂದು ಕಾಲದಲ್ಲಿಯೂ ಸಾಲದ ಖಾತೆಯನ್ನು ಇನ್ನೊಂದು ಕಾಲದಲ್ಲಿಯೂ ಬೇರೆ ಬೇರೆ ಅಕ್ಷರಗಳಿಂದ ತೆರೆದಾಗ, ಒಬ್ಬನೇ ರೈತನು ಲೆಕ್ಕದಲ್ಲಿ ಇಬ್ಬರಾಗಿಬಿಡುತ್ತಾನೆ. ಆಗ ಒಂದನ್ನು ತಿದ್ದಿದರೆ ಇನ್ನೊಂದು ತಾನಾಗಿ ತಿದ್ದಿಕೊಳ್ಳುವುದಿಲ್ಲ. ಆದುದರಿಂದಲೇ ಖಾತೆಗಳನ್ನೆಲ್ಲಾ ಪಟ್ಟಿಮಾಡಿ ಬರೆದಿದೆ.

ಮೂರನೆಯದು ಲಗತ್ತಿಸುವ ದಾಖಲೆ. ಆಧಾರ್, ಮತದಾರರ ಗುರುತಿನ ಚೀಟಿ, ವಾಹನ ಚಾಲನೆಯ ಪರವಾನಗಿ, ಪಾಸ್‌ಪೋರ್ಟು ಇವು ರಿಸರ್ವ್ ಬ್ಯಾಂಕಿನ ನಿಯಮದಂತೆ ಗುರುತಿಗೆ ಅಧಿಕೃತವಾದವು. ಪಡಿತರ ಚೀಟಿಯಾಗಲಿ, ಪಾನ್ ಕಾರ್ಡಾಗಲಿ, ಪಹಣಿಯಾಗಲಿ ಆ ಪಟ್ಟಿಯಲ್ಲಿಲ್ಲ. ಗ್ರಾಮದ ಮುಖಂಡರು ‘ಈತನು ನಮ್ಮೂರಿನವನೇ’ ಎಂದು ಬರೆದುಕೊಟ್ಟ ಪತ್ರವೂ ಅಷ್ಟೆ; ಅದು ಜೊತೆಗಿದ್ದರೆ ಸಂಶಯ ಪರಿಹಾರಕ್ಕೆ ಸಹಾಯಕವಾಗಬಹುದೇ ಹೊರತು ಅದೊಂದರಿಂದಲೇ ಹೆಸರನ್ನು ತಿದ್ದಲಾಗುವುದಿಲ್ಲ. ಹಿರಿಯರು ಅಂತಹ ಪತ್ರವನ್ನು ಕೊಟ್ಟು ಕಳುಹಿಸಿ ಬಡವನ ಒಂದು ದಿನದ ಕೂಲಿಯನ್ನು ಕಳೆಯುವುದಕ್ಕಿಂತ, ಅವನ ಮತದಾರರ ಚೀಟಿಯನ್ನು ಹುಡುಕಿ ತರಲು ಹೇಳುವುದು ಮೇಲು.

ನಾಲ್ಕನೆಯದು ರುಜು. ಕಾಗದಕ್ಕೆ ಖಾತೆದಾರನೇ, ಬ್ಯಾಂಕಿನಲ್ಲಿರುವ ಮಾದರಿ ರುಜುವಿನಂತೆಯೇ ರುಜು ಮಾಡಬೇಕು. ಮಗನಾಗಲಿ ತಮ್ಮನಾಗಲಿ ಮಾಡಕೂಡದು. ಹೆಬ್ಬೆಟ್ಟಿನ ಗುರುತು ಹಾಕುವವರು ತಾವೇ ಶಾಖೆಗೆ ಹೋಗಿ ಅಧಿಕಾರಿಗಳ ಎದುರಿಗೆ ಹಾಕುವುದು ಉತ್ತಮ. ಇಬ್ಬರ ಹೆಸರಿನಲ್ಲಿರುವ ಜಂಟಿ ಖಾತೆಯಾದರೆ ಇಬ್ಬರ ರುಜುವನ್ನೂ ಹಾಕಿಸಿಕೊಂಡು ಹೋದರೆ ಎರಡನೆಯ ಸಲ ತಿರುಗುವುದು ತಪ್ಪುತ್ತದೆ.

ಕೊಟ್ಟ ಮೇಲೆ ಮಾಡಬೇಕಾದುದು

ಕಾಗದವನ್ನು ಎರಡು ಪ್ರತಿಗಳಾಗಿ ಮಾಡಿ ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಶಾಖೆಯ ಮೊಹರು, ದಿನಾಂಕ ಮತ್ತು ಪಡೆದವರ ರುಜುವನ್ನು ಹಾಕಿಸಿಕೊಳ್ಳಬೇಕು. ಗುರುತಿನ ದಾಖಲೆಗಳನ್ನು ಹೊಸದಾಗಿ ಪಡೆದಾಗ ದಿನಾಂಕವುಳ್ಳ ಸ್ವೀಕೃತಿಯನ್ನು ಕೊಡತಕ್ಕದ್ದೆಂದು ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ವಿಧಿಸಿದೆ. ಆದುದರಿಂದ ಅದನ್ನು ಕೇಳಲು ಸಂಕೋಚಪಡಬೇಕಾದುದಿಲ್ಲ. ಮೊಹರಿಲ್ಲದೆ ಮೇಜಿನ ಮೇಲೆ ಇಟ್ಟುಬಂದ ಕಾಗದಕ್ಕೆ ಲೆಕ್ಕವಿಲ್ಲ.

ಕೆಲವು ದಿನಗಳ ನಂತರ ಪಾಸುಪುಸ್ತಕವನ್ನು ತೆಗೆದುಕೊಂಡು ಹೋಗಿ ಮೊದಲನೆಯ ಪುಟವನ್ನು ಹೊಸದಾಗಿ ಮುದ್ರಿಸಿಕೊಡುವಂತೆ ಕೇಳಬೇಕು. ಗುಮಾಸ್ತನು ಹಳೆಯ ಪುಟದ ಮೇಲೆ ಲೇಖನಿಯಿಂದ ಹೊಡೆದುಹಾಕಿ ಸರಿಯಾದ ಹೆಸರನ್ನು ಬರೆದುಕೊಟ್ಟರೆ ತೃಪ್ತರಾಗಕೂಡದು; ಪುಸ್ತಕವು ತಿದ್ದಿದರೂ ಗಣಕದಲ್ಲಿರುವುದು ಹಾಗೆಯೇ ಉಳಿದಿರಬಹುದು. ಯಂತ್ರದಿಂದ ಮುದ್ರಿತವಾದ ಹೆಸರೇ ಗಣಕದಲ್ಲಿರುವ ಹೆಸರು. ಪರೀಕ್ಷಿಸಲು ಇನ್ನೊಂದು ಉಪಾಯವಿದೆ. ಬೇರೊಂದು ಖಾತೆಯಿಂದ ನೆಫ್ಟ್ ಮೂಲಕ ಹಣವನ್ನು ಕಳುಹಿಸುವವರಿಗೆ, ಕಳುಹಿಸುವುದಕ್ಕೆ ಮೊದಲೇ ಪಡೆಯುವವನ ಖಾತೆಯಲ್ಲಿರುವ ಹೆಸರು ಕಾಣುವಂತೆ 2025ರಿಂದ ಏರ್ಪಾಡಾಗಿದೆ. ಪಟ್ಟಣದಲ್ಲಿರುವ ಮಗನು ತಂದೆಯ ಖಾತೆಯ ಸಂಖ್ಯೆಯನ್ನು ಹಾಕಿ ನೋಡಿದರೆ, ಹಣವನ್ನು ಕಳುಹಿಸದೆಯೇ ಬ್ಯಾಂಕಿನಲ್ಲಿ ಹೆಸರು ಹೇಗಿದೆಯೆಂಬುದು ತಿಳಿಯುತ್ತದೆ.

ಹೆಸರು ಸರಿಹೋದ ಮಾತ್ರಕ್ಕೆ ನಿಂತ ಕಂತು ತಾನಾಗಿ ಬಂದುಬಿಡುವುದೆಂದು ತಿಳಿಯಬಾರದು. ಆಧಾರಿನ ಮೂಲಕ ಬರುವ ಹಣವು, ಆ ಸಂಖ್ಯೆಗೆ ಕೊನೆಯದಾಗಿ ಯಾವ ಬ್ಯಾಂಕು ಜೋಡಿಸಲ್ಪಟ್ಟಿದೆಯೋ ಆ ಬ್ಯಾಂಕಿಗೆ ಹೋಗುತ್ತದೆ. ಆದುದರಿಂದ ಹೆಸರಿನ ತಿದ್ದುಪಡಿಯ ನಂತರ ಜೋಡಣೆಯಾಗಿದೆಯೇ ಎಂದು ಬೇರೆಯಾಗಿ ವಿಚಾರಿಸತಕ್ಕದ್ದು. ಮುಂಗಾರಿನ ಬೆಳೆವಿಮೆಗೆ ಹೆಸರು ಬರೆಯಿಸುವವರು ಪ್ರಕಟಿತವಾದ ಕೊನೆಯ ದಿನಕ್ಕೆ ಕನಿಷ್ಠ ಒಂದು ತಿಂಗಳು ಮೊದಲೇ ಈ ಕೆಲಸವನ್ನು ಮುಗಿಸಿಕೊಳ್ಳಬೇಕು. ಕೊನೆಯ ವಾರದಲ್ಲಿ ಹೆಸರು ಹೋಲದೆಂಬುದು ಗೊತ್ತಾದರೆ ತಿದ್ದಿಸಲು ಹೊತ್ತಿರುವುದಿಲ್ಲ.

ಕಾಗದವನ್ನು ಕೊಟ್ಟು 30 ದಿನಗಳಾದರೂ ಉತ್ತರವು ಬಾರದಿದ್ದರೆ, ಅಥವಾ ಬಂದ ಉತ್ತರವು ಸಮಾಧಾನಕರವಲ್ಲದಿದ್ದರೆ, ರಿಸರ್ವ್ ಬ್ಯಾಂಕಿನ ಲೋಕಪಾಲರಿಗೆ ದೂರನ್ನು ಬರೆದುಕೊಳ್ಳಬಹುದು. ಇದಕ್ಕೆ ಶುಲ್ಕವಿಲ್ಲ, ವಕೀಲನೂ ಬೇಕಿಲ್ಲ. ಆದರೆ ಮೊದಲು ಬ್ಯಾಂಕಿಗೇ ಬರೆದಿರಬೇಕೆಂಬುದು ನಿಬಂಧನೆಯಾದುದರಿಂದ, ಮೊಹರು ಹಾಕಿಸಿಕೊಂಡ ಆ ಎರಡನೆಯ ಪ್ರತಿಯೇ ಅಲ್ಲಿ ಮುಖ್ಯ ಸಾಕ್ಷ್ಯವಾಗುತ್ತದೆ. ಗ್ರಾಮದ ಪ್ರಾಥಮಿಕ ಸಹಕಾರ ಸಂಘದಲ್ಲಿರುವ ಲೆಕ್ಕಕ್ಕೆ ಈ ಮಾರ್ಗವು ಅನ್ವಯಿಸುವುದಿಲ್ಲ. ಅಲ್ಲಿ ಸಂಘದ ಕಾರ್ಯದರ್ಶಿಗೂ, ಅನಂತರ ಸಹಕಾರ ಇಲಾಖೆಯವರಿಗೂ ಬರೆಯಬೇಕು.

ಕಾಗದ ಮಾತ್ರದಿಂದ ಆಗದ ಸಂದರ್ಭಗಳು

ಬೆಳೆಸಾಲಕ್ಕಾಗಿ ಹಿಂದೆ ಬರೆದುಕೊಟ್ಟ ಪತ್ರಗಳಲ್ಲಿ ತಪ್ಪು ಹೆಸರೇ ಇದ್ದರೆ, ರುಜುವಾದ ಆ ಪತ್ರಗಳನ್ನು ಯಾರೂ ತಿದ್ದುವಂತಿಲ್ಲ. ಆಗ ಎರಡು ಹೆಸರುಗಳೂ ಒಬ್ಬನವೇ ಎಂದು ನೋಟರಿಯ ಮುಂದೆ ಪ್ರಮಾಣಮಾಡಿದ ಅಫಿಡವಿಟ್ಟನ್ನು ಬ್ಯಾಂಕಿನವರು ಕೇಳುವುದುಂಟು. ಇದು ಮುಂದೆ ಸಾಲ ತೀರಿಸಿ, ಪಹಣಿಯ 11ನೆಯ ಅಂಕಣದಲ್ಲಿರುವ ಋಣದ ನಮೂದನ್ನು ತೆಗೆಸುವಾಗಲೂ ಉಪಯೋಗಕ್ಕೆ ಬರುವುದರಿಂದ, ಅದರ ನಕಲನ್ನು ಮನೆಯಲ್ಲಿ ಜೋಪಾನವಾಗಿಡಬೇಕು.

ಎಲ್ಲಕ್ಕಿಂತ ಕಷ್ಟವಾದುದು ಖಾತೆದಾರನು ತೀರಿಹೋದ ಮೇಲೆ ಹೆಸರಿನ ತಪ್ಪು ಹೊರಬೀಳುವುದು. ಮರಣ ಪತ್ರದಲ್ಲಿ ಉಚ್ಚಂಗೆಪ್ಪನೆಂದೂ ಖಾತೆಯಲ್ಲಿ HUCHANGAPPA ಎಂದೂ ಇದ್ದರೆ, ಸತ್ತವನೇ ಖಾತೆದಾರನೆಂಬುದನ್ನು ಹೆಂಡತಿ ಮಕ್ಕಳು ರುಜುವಾತುಪಡಿಸಬೇಕಾಗುತ್ತದೆ. ತಿದ್ದುಪಡಿಯ ಕಾಗದಕ್ಕೆ ರುಜು ಮಾಡತಕ್ಕವನು ಅವನೊಬ್ಬನೇ. ಅವನೇ ಈಗ ಇಲ್ಲ. ಜೀವಂತನಿದ್ದಾಗ ಎರಡು ಹಾಳೆಯಿಂದ ಮುಗಿಯುತ್ತಿದ್ದ ಕೆಲಸಕ್ಕೆ ಅಫಿಡವಿಟ್ಟು, ಜಾಮೀನು, ತಿಂಗಳುಗಳ ಅಲೆದಾಟಗಳು ಬೇಕಾಗಬಹುದು. ನಾಮನಿರ್ದೇಶಿತ ವಾರಸುದಾರನ ಹೆಸರಿನಲ್ಲಿ ಅಕ್ಷರಗಳು ತಪ್ಪಿದ್ದರೂ ಇಂತಹದೇ ತೊಡಕು. ಆದುದರಿಂದ ಹೆಸರನ್ನು ತಿದ್ದಿಸಲು ಹೋದ ದಿನವೇ ನಾಮನಿರ್ದೇಶನದ ಹೆಸರನ್ನೂ ಓದಿಸಿ ಕೇಳಿ, ತಪ್ಪಿದ್ದರೆ ಅದಕ್ಕಾಗಿ ಬೇರೆ ನಮೂನೆಯನ್ನು ತುಂಬಿಕೊಟ್ಟು ಬರತಕ್ಕದ್ದು.

ಮನೆಯಲ್ಲಿ ವಯಸ್ಸಾದ ಖಾತೆದಾರರು ಇರುವವರು ಮೊದಲು ಅವರ ಪಾಸುಪುಸ್ತಕವನ್ನೂ ಆಧಾರ್ ಚೀಟಿಯನ್ನೂ ಪಕ್ಕಪಕ್ಕದಲ್ಲಿಟ್ಟು, ಹೆಸರಿನ ಅಕ್ಷರಗಳನ್ನು ಒಂದೊಂದಾಗಿ ಹೋಲಿಸಿ ನೋಡುವರಾಗಲಿ.